ಒತ್ತು ಬಿಟ್ಟರೆ ಕರು ಹುಲಿಯ ಪಾಲು

"ಸಾರ್, ಹೊಸನಗರದಿಂದ ಒಂದು ಕಥೆ ಕಳಿಸಿದ್ದೇನೆ. ಕಾಗುಣಿತ ಎಲ್ಲಾದರೂ ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ. ಕಥೆ ಹೇಗಿದೆ ಹೇಳಿ."

ಕಥೆ ಚೆನ್ನಾಗಿದೆ. ಗಂಗಮ್ಮನ ಮಾತು ನಮ್ಮ ಮಲೆನಾಡಿನದೇ. ಆದರೆ "ತಿದ್ದಿಕೊಳ್ಳಿ" ಅಂದಿರಲ್ಲ, ಅದು ನನಗೆ ಸಿಟ್ಟು ತರಿಸಿತು.

ಎರಡನೇ ಪುಟ ನೋಡಿ: "ಗಂಗಮ್ಮ ಕರುವನ್ನು ಹುಲಿಗೆ ಬಿಟ್ಟು ಬಂದಳು." ನಾನು ಬೆಚ್ಚಿಬಿದ್ದೆ. ನೀವು ಬರೆಯಹೊರಟಿದ್ದು ಹುಲ್ಲಿಗೆ, ಅಲ್ವಾ? ಅದೇ ಪುಟದಲ್ಲಿ "ಹುಲ್ಲು" ಅಂತ ಸರಿಯಾಗಿ ಬರೆದಿದ್ದೀರಿ. ಪ್ರತ್ಯಯ ಹತ್ತಿದ ಕೂಡಲೇ ಒತ್ತು ಮಾಯ. "ಕಲಿನ ಮೇಲೆ", "ಮಣಿಗೆ ಬಿದ್ದ" ಕೂಡ ಹೀಗೇ. ಹಾಲು ಹಾಲಿಗೆ ಆಗುತ್ತದೆ, ಹಾಗೇ ಹುಲ್ಲು ಹುಲಿಗೆ ಅಂದುಕೊಂಡಿರಬೇಕು.

ಹಳೆಯ ರೂಪ ಹುಲ್, ಕಲ್, ಮಣ್, ಕಣ್, ಮುಳ್. ಒಂದೇ ಗಿಡ್ಡ ಸ್ವರ, ಆಮೇಲೆ ವ್ಯಂಜನ. ಇಂಥ ಪದಕ್ಕೆ ಸ್ವರದಿಂದ ಶುರುವಾಗುವ ಪ್ರತ್ಯಯ ಬಂದರೆ ಆ ವ್ಯಂಜನ ಇಮ್ಮಡಿಯಾಗುತ್ತದೆ: ಹುಲ್ಲಿಗೆ, ಕಲ್ಲಿನ, ಮಣ್ಣಲ್ಲಿ. ವ್ಯಂಜನ ಬಂದರೆ ಆಗುವುದಿಲ್ಲ: ಕಣ್ಮುಚ್ಚಿ, ಹುಲ್ಗಾವಲು. ಸ್ವರ ಉದ್ದವಾದರೂ ಇಲ್ಲ: ಕಾಲಿಗೆ, ಹಾಲಿನ. ಪದ ಉದ್ದವಾದರೂ ಇಲ್ಲ: ಕಡಲಿಗೆ, ಬಾಗಿಲಿಗೆ. ನೀವು ಬರೆದ "ಕಾಲ್ಲಿಗೆ ಮುಳು ಚುಚ್ಚಿತು" ಅನ್ನುವ ಸಾಲಿನಲ್ಲಿ ಒತ್ತು ಬೇಡದ ಕಡೆ ಬಂದಿದೆ, ಬೇಕಾದ ಕಡೆ ಇಲ್ಲ.

ಹುಳು ಗಿಡ್ಡದ್ದೇ, ಅದಕ್ಕೇಕಿಲ್ಲ ಅಂತ ಕೇಳಬಹುದು. ಹುಳು, ಕರು, ಮಡು ಇವುಗಳ ಕೊನೆಯ ಉ ಅವುಗಳದ್ದೇ. ಆದ್ದರಿಂದ ನಡುವೆ ವ ಬರುತ್ತದೆ: ಹುಳುವಿಗೆ, ಕರುವಿಗೆ. ಕಲ್ಲುವಿಗೆ ಅಂತ ಯಾರೂ ಅನ್ನುವುದಿಲ್ಲ. ಕಲ್ಲಿನ ಉ ಉಚ್ಚಾರಣೆಗೆ ಸೇರಿಕೊಂಡದ್ದು. ಅನುಮಾನ ಬಂದಾಗ ವ ಹಚ್ಚಿ ನೋಡಿ, ತಿಳಿಯುತ್ತದೆ.

ನಾನು ಕೆಲಸ ಕಲಿತದ್ದು ಶಿವಮೊಗ್ಗದ ಒಂದು ಮುದ್ರಣಾಲಯದಲ್ಲಿ, ಮೊಳೆ ಜೋಡಿಸುವ ಕಾಲದಲ್ಲಿ. ಕರಡು ತಿದ್ದುತ್ತಿದ್ದ ಹಿರಿಯರು ಕಣ್ಣಿಂದ ಓದಲು ಬಿಡುತ್ತಿರಲಿಲ್ಲ. ಗಟ್ಟಿಯಾಗಿ, ಬಿಡಿಸಿ ಓದಿಸುತ್ತಿದ್ದರು: ಹುಲ್-ಲಿಗೆ, ಮುಳ್-ಳಿನ. ನಾಲಗೆ ಎರಡು ಸಲ ತಡೆದರೆ ಒತ್ತು ಇರಬೇಕು. ಅವರು ವ್ಯಾಕರಣದ ಮಾತೇ ಎತ್ತುತ್ತಿರಲಿಲ್ಲ. ಆದರೂ ಅವರ ಕಿವಿ ಕೇಶಿರಾಜನ ಸೂತ್ರಕ್ಕಿಂತ ಜೋರು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಇನ್ನೊಂದೇ ಸಾಲು. "ಮಳೆ ನಿಲುವ ಹಾಗೆ ಕಾಣಲಿಲ್ಲ." ಇಲ್ಲಿ ನಿಲ್ಲುವ ಬೇಕು. ಆದರೆ ಮುಂದೆ "ಅವನ ನಿಲುವು" ಅಂತ ಬರೆದದ್ದು ಸರಿಯೇ, ಅದನ್ನು ಮುಟ್ಟಬೇಡಿ. ನಿಲ್ಲು, ಗೆಲ್ಲು, ಕೊಲ್ಲು ಕ್ರಿಯೆಗೆ ಉವ ಹತ್ತಿದಾಗ ಒತ್ತು ಉಳಿಯುತ್ತದೆ: ಗೆಲ್ಲುವ, ಕೊಲ್ಲುವ. ಅವುಗಳಿಂದ ಹುಟ್ಟಿದ ಈ ನಾಮಪದಗಳಲ್ಲಿ ಹೋಗುತ್ತದೆ: ನಿಲುವು, ಗೆಲುವು, ಕೊಲೆ.

ಪ್ರತಿಯನ್ನು ವಾಪಸ್ ಕಳಿಸುತ್ತಿದ್ದೇನೆ. ನಾನು ಗುರುತು ಹಾಕಿದ್ದು ಎರಡನೇ ಪುಟದಲ್ಲಿ ಮಾತ್ರ. ಉಳಿದದ್ದನ್ನು ಗಟ್ಟಿಯಾಗಿ ಓದಿ ನೀವೇ ಹಾಕಿ ಕಳಿಸಿ.