ಸಂಗೀತ ಕ್ಲಾಸ್ ಆನ್‌ಲೈನ್‌ನಲ್ಲಿ ಶುರು ಮಾಡುವುದು ಹೇಗೆ?

ಪ್ರಶ್ನೆ: ಮನೆಯಲ್ಲಿ ಮಕ್ಕಳಿಗೆ ಕರ್ನಾಟಕ ಸಂಗೀತ ಹೇಳಿಕೊಡ್ತೀನಿ. ಈಗ ಫೀಸ್ ತಗೊಂಡು ವಿಡಿಯೋ ಕಾಲ್‌ನಲ್ಲೂ ಕ್ಲಾಸ್ ಮಾಡಬೇಕು ಅಂತಿದೀನಿ. ಯಾವ ಆ್ಯಪ್ ಒಳ್ಳೇದು? ಫೀಸ್ ಹೇಗೆ ತಗೋಬೇಕು? ಮಕ್ಕಳಿಗೆ ಬೇಜಾರಾಗದ ಹಾಗೆ ಹೇಗೆ ನೋಡ್ಕೊಳ್ಳೋದು?

ಉತ್ತರ: ನಾನೂ ಗಾಯನವನ್ನೇ ಹೇಳಿಕೊಡುವುದು, ಮನೆಯಲ್ಲೂ ಆನ್‌ಲೈನ್‌ನಲ್ಲೂ. ಎಲ್ಲಕ್ಕಿಂತ ಮೊದಲು ಒಂದು ವಿಷಯ ಒಪ್ಪಿಕೊಳ್ಳಿ: ವಿಡಿಯೋ ಕಾಲ್‌ನಲ್ಲಿ ಇಬ್ಬರು ಒಟ್ಟಿಗೆ ಹಾಡಲು ಆಗುವುದಿಲ್ಲ. ನಿಮ್ಮ ದನಿ ಮಗುವಿಗೆ ತಲುಪಲು ಸ್ವಲ್ಪ ಹೊತ್ತು, ಮಗುವಿನ ದನಿ ವಾಪಸ್ ಬರಲು ಇನ್ನು ಸ್ವಲ್ಪ ಹೊತ್ತು. ಅದು ತಾಳಕ್ಕೆ ಸರಿಯಾಗಿ ಹಾಡಿದರೂ ನಿಮಗೆ ಹಿಂದೆ ಬಿದ್ದ ಹಾಗೇ ಕೇಳುತ್ತದೆ. ಎಷ್ಟೇ ಒಳ್ಳೆ ಇಂಟರ್ನೆಟ್ ಇದ್ದರೂ ಇದು ಪೂರ್ತಿ ಹೋಗುವುದಿಲ್ಲ. ಹಾಗಾಗಿ ಮಗು ಹಾಡುವಾಗ ನೀವು ತಾಳ ಹಾಕಬೇಡಿ, ದನಿ ಸೇರಿಸಬೇಡಿ. ತಾಳ ಅದೇ ಹಾಕಿಕೊಳ್ಳಲಿ, ಕೈ ಕ್ಯಾಮೆರಾಗೆ ಕಾಣುವಂತಿದ್ದರೆ ಸಾಕು.

ಆ್ಯಪ್ ವಿಷಯದಲ್ಲಿ ಸಂಗೀತಕ್ಕೆ ನಾನು ಹೇಳುವುದು ಝೂಮ್. ಈ ಆ್ಯಪ್‌ಗಳೆಲ್ಲ ಮಾತಿಗಾಗಿ ಮಾಡಿದವು. ಒಂದೇ ಸಮ ಬರುವ ಶಬ್ದವನ್ನು ಫ್ಯಾನಿನ ಸದ್ದು ಅಂದುಕೊಂಡು ಅಳಿಸಿಹಾಕುತ್ತವೆ. ತಂಬೂರಿ ಶ್ರುತಿಯೂ ಅದರಲ್ಲೇ ಹೋಗಿಬಿಡುತ್ತದೆ. ಝೂಮ್‌ನ ಆಡಿಯೋ ಸೆಟ್ಟಿಂಗ್‌ನಲ್ಲಿ `Original sound for musicians` ಅಂತ ಇದೆ. ಅದನ್ನು ಆರಿಸಿದರೆ ಮೀಟಿಂಗ್ ಪರದೆಯಲ್ಲೇ ಒಂದು ಬಟನ್ ಬರುತ್ತದೆ, ಅದು ಆನ್ ಇರಬೇಕು. ನಿಮ್ಮಲ್ಲಿ ಮಾತ್ರ ಅಲ್ಲ, ಮಗುವಿನ ಕಡೆಯೂ. ಸರಿಯಾಗಿದೆಯೋ ಇಲ್ಲವೋ ನೋಡಲು ಹತ್ತು ಸೆಕೆಂಡ್ ಸುಮ್ನೆ ಒಂದು ಷಡ್ಜ ಹಿಡಿಸಿ. ನಡುವೆ ದನಿ ಸಣ್ಣಗಾದರೆ, ತುಂಡಾದರೆ, ಮೊದಲು ಆ ಬಟನ್ ನೋಡಿ. ಹೆಡ್‌ಫೋನ್ ಇರಲಿ, ಅದೂ ವೈರ್ ಇರುವುದೇ ಇರಲಿ. ಬ್ಲೂಟೂತ್ ಇನ್ನಷ್ಟು ತಡ ಮಾಡುತ್ತದೆ. ಶ್ರುತಿ ಮಗುವಿನ ಮನೆಯಲ್ಲೇ, ಬೇರೆ ಫೋನಿನಲ್ಲಿ ಓಡಲಿ.

ಝೂಮ್ ಉಚಿತ ಖಾತೆಯಲ್ಲಿ ಮೀಟಿಂಗ್ 40 ನಿಮಿಷಕ್ಕೆ ಮುಗಿಯುತ್ತದೆ. ಶುರುವಿಗೆ ಅದೇ ಸಾಕು, ಚಿಕ್ಕ ಮಕ್ಕಳು ಅದಕ್ಕಿಂತ ಜಾಸ್ತಿ ಹೊತ್ತು ಕೂರುವುದೂ ಇಲ್ಲ.

ಒಟ್ಟಿಗೆ ಹಾಡಿಸಲು ಆಗದ ಮೇಲೆ ಎಂಟು ಮಕ್ಕಳ ಗುಂಪು ಇಲ್ಲಿ ನಡೆಯುವುದಿಲ್ಲ. ಒಬ್ಬರ ಸರದಿ ಬರುವಷ್ಟರಲ್ಲಿ ಉಳಿದವರು ಬೇರೆ ಆಟಕ್ಕೆ ಇಳಿದಿರುತ್ತಾರೆ. ನನ್ನ ಪ್ರಕಾರ ಮೂವರು ಸರಿ. ಫೀಸ್ ಲೆಕ್ಕ ಬದಲಾಗುವುದು ಇಲ್ಲೇ. ಮನೆಯಲ್ಲಿ ಎಂಟು ಮಕ್ಕಳಿಂದ ತಿಂಗಳಿಗೆ 500 ರೂಪಾಯಿಯಂತೆ 4,000 ಬರುತ್ತಿದ್ದರೆ, ಮೂವರಿಂದ ಅಷ್ಟೇ ಬರಲು ತಲಾ 1,300ರ ಮೇಲೆ ಹೇಳಬೇಕು. ಹೇಳಲು ಸಂಕೋಚ ಆಗುತ್ತದೆ, ಅಲ್ವಾ? ಆದರೆ ಒಂದೊಂದು ಮಗುವಿಗೆ ಸಿಗುವ ಸಮಯವೂ ಜಾಸ್ತಿ ಅಂತ ತಂದೆತಾಯಿಗೆ ವಿವರಿಸಿ.

ಫೀಸ್ ತಿಂಗಳ ಮೊದಲ ವಾರದಲ್ಲಿ, ಮುಂಗಡ. ಊರಿನವರಿಗೆ ಯುಪಿಐ ಸಾಕು, ನೋಟ್‌ನಲ್ಲಿ ಮಗುವಿನ ಹೆಸರು ಮತ್ತು ತಿಂಗಳು ಬರೆಯಲು ಹೇಳಿ. ಇಲ್ಲದಿದ್ದರೆ ಅಪ್ಪನ ಹೆಸರಲ್ಲಿ ಬಂದ ಹಣ ಯಾರದ್ದು ಅಂತ ಹುಡುಕುವುದೇ ಕೆಲಸ. ವಿದೇಶದವರಲ್ಲಿ ಇಲ್ಲಿರುವ ಅಜ್ಜ ಅಜ್ಜಿಯೇ ಯುಪಿಐ ಮಾಡಿದರೆ ಎಲ್ಲಕ್ಕಿಂತ ಸುಲಭ. ಪೇಪಾಲ್ ವಿದೇಶದಿಂದ ಬರುವ ಹಣಕ್ಕೆ ಆಗುತ್ತದೆ, ಆದರೆ ಶುಲ್ಕ ಹಿಡಿಯುತ್ತದೆ. ಹಾಗಾಗಿ ತಿಂಗಳು ತಿಂಗಳು ಬೇಡ, ಮೂರು ತಿಂಗಳದ್ದು ಒಟ್ಟಿಗೆ ತಗೊಳ್ಳಿ. ಅವರು ತಪ್ಪಿಸಿದ ಕ್ಲಾಸಿಗೆ ತಿಂಗಳಿಗೆ ಒಂದು ಬದಲಿ, ನೀವು ತಪ್ಪಿಸಿದ್ದಕ್ಕೆ ಪ್ರತಿಸಲ ಬದಲಿ ಅಂತ ಮೊದಲೇ ಬರೆದು ಕಳಿಸಿ. ಅಮೆರಿಕದ ಮಕ್ಕಳಿದ್ದರೆ ಇನ್ನೊಂದು: ಅಲ್ಲಿ ಮಾರ್ಚ್ ಮತ್ತು ನವೆಂಬರ್‌ನಲ್ಲಿ ಗಡಿಯಾರ ಬದಲಾಗುತ್ತದೆ. ನ್ಯೂಜೆರ್ಸಿಯ ಬೆಳಿಗ್ಗೆ 9 ಬೇಸಿಗೆಯಲ್ಲಿ ನಮಗೆ ಸಂಜೆ 6:30, ಚಳಿಗಾಲದಲ್ಲಿ 7:30.

ಇನ್ನು ಬೇಜಾರಿನ ಮಾತು. ಮಾಯಾಮಾಳವಗೌಳದ ಸರಳೆವರಸೆಯನ್ನೇ ತಗೊಳ್ಳಿ. ಎಲ್ಲರ ಮೈಕ್ ಆಫ್. ನೀವು ಒಂದು ಸಾಲು ಹಾಡಿ, ಎರಡನೇ ಸಲ ಮೂವರೂ ಮ್ಯೂಟ್‌ನಲ್ಲೇ ನಿಮ್ಮ ಜೊತೆ ಹಾಡಲಿ. ಅವರವರ ಮನೆಯಲ್ಲಿ ಅದು ಸರಿಯಾಗಿಯೇ ಕೇಳುತ್ತದೆ. ಆಮೇಲೆ ಒಬ್ಬಳ ಮೈಕ್ ಆನ್. ಅವಳು ಹಾಡುವಾಗ ಉಳಿದಿಬ್ಬರು ತಾಳ ಹಾಕಬೇಕು, ಎಲ್ಲಿ ಸ್ವರ ಜಾರಿತು ಅಂತ ಹೇಳಬೇಕು. ಯಾರನ್ನು ಕರೆಯುತ್ತೀರಿ ಅಂತ ಮೊದಲೇ ಗೊತ್ತಾಗಬಾರದು. ಪ್ರತಿಸಲ ಒಂದೇ ಕ್ರಮದಲ್ಲಿ ಕರೆದರೆ ಮೂರನೆಯವಳು ಹಾಯಾಗಿ ಕಿಟಕಿ ನೋಡುತ್ತಿರುತ್ತಾಳೆ.

ಮುಂದಿನ ಕ್ಲಾಸಿಗೆ ಎರಡು ದಿನ ಮುಂಚೆ ಒಂದು ನಿಮಿಷದ ಹಾಡು ರೆಕಾರ್ಡ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಲು ಹೇಳಿ. ಅದರಲ್ಲಿ ತಡ ಇಲ್ಲ, ಹಾಗಾಗಿ ತಾಳ ನಿಜವಾಗಿ ತಪ್ಪಿದೆಯಾ ಅಂತ ತಿಳಿಯುವುದು ಅದರಲ್ಲೇ. ಕೇಳಿ, ವಾಯ್ಸ್ ಮೆಸೇಜ್‌ನಲ್ಲಿ ಒಂದೇ ಒಂದು ತಿದ್ದುಪಡಿ ಹೇಳಿ, ಐದು ಬೇಡ. ಎರಡು ವಾರ ರೆಕಾರ್ಡಿಂಗ್ ಬರಲಿಲ್ಲ ಅಂದರೆ ಮಗು ಬಿಡುವ ಯೋಚನೆಯಲ್ಲಿರಬಹುದು. ಫೀಸ್ ನಿಲ್ಲುವವರೆಗೆ ಕಾಯದೆ ಅಮ್ಮನಿಗೆ ಆಗಲೇ ಫೋನ್ ಮಾಡಿ.