‘ನಮ್ಮ ಓದುಗರಿಗೆ ಹೊಂದುವುದಿಲ್ಲ’ ಎಂದ ಸಂಪಾದಕರಿಗೆ ಬರೆಯುವ ಪತ್ರ

*“ನಮಸ್ಕಾರ ಮೇಡಂ. ಕೋಲಾರ ಜಿಲ್ಲೆಯ ಎರಡು ಕೆರೆಗಳ ಸುತ್ತ 28 ಬಾವಿಗಳ ನೀರಿನ ಮಟ್ಟವನ್ನು ಎರಡು ವರ್ಷ ಅಳೆದು ಪೇಪರ್ ಬರೆದಿದ್ದೇನೆ. ಅಂತರ್ಜಲದ ಒಂದು ಅಂತರರಾಷ್ಟ್ರೀಯ ಜರ್ನಲ್‌ಗೆ ಕಳಿಸಿದ್ದೆ. ರಿವ್ಯೂಗೂ ಹೋಗದೆ ನಾಲ್ಕೇ ದಿನದಲ್ಲಿ ವಾಪಸ್ ಬಂತು. ‘ಅಧ್ಯಯನ ಒಂದು ಪ್ರದೇಶಕ್ಕೆ ಸೀಮಿತವಾಗಿದೆ, ವಿಧಾನ ಹೊಸದಲ್ಲ, ನಮ್ಮ ಓದುಗರಿಗೆ ಹೊಂದುವುದಿಲ್ಲ’ ಎಂದಿದ್ದಾರೆ. ಇನ್ನೊಮ್ಮೆ ಪರಿಶೀಲಿಸಿ ಎಂದು ಕೇಳುವ ಪತ್ರ ಬರೆದಿದ್ದೇನೆ. ಪತ್ರ, ಪೇಪರ್ ಎರಡನ್ನೂ ಕಳಿಸಿದ್ದೇನೆ. ಈ ಪತ್ರ ಹೀಗೇ ಕಳಿಸಬಹುದಾ? ನೇರವಾಗಿ ಹೇಳಿ.”*

ನಮಸ್ಕಾರ. ಹೀಗೇ ಕಳಿಸಬೇಡಿ. ಆದರೆ ಪತ್ರ ಬರೆಯುವ ಯೋಚನೆಯನ್ನು ಕೈಬಿಡಬೇಡಿ. ಪೇಪರನ್ನು ಎರಡು ಸಲ ಓದಿದೆ. ನಿಮ್ಮ ಕಡೆ ನ್ಯಾಯ ಇದೆ. ಆ ನ್ಯಾಯ ಪತ್ರದಲ್ಲಿ ಎಲ್ಲೂ ಕಾಣಿಸುತ್ತಿಲ್ಲ, ಅದೇ ತೊಂದರೆ.

ನಿಮ್ಮ ಪತ್ರ ಮೂರು ಪುಟ ಇದೆ. ಮೊದಲ ಪುಟದಲ್ಲಿ ನಾಲ್ಕು ದಿನಕ್ಕೆ ತೀರ್ಮಾನ ಮಾಡಿದ್ದಕ್ಕೆ ಬೇಸರ. ಎರಡನೆಯದರಲ್ಲಿ ಬಿಸಿಲಲ್ಲಿ ಬಾವಿಯಿಂದ ಬಾವಿಗೆ ಓಡಾಡಿದ ಕಷ್ಟ, ನಿಮ್ಮ ಗೈಡ್ ಅವರ ಅನುಭವ. ಮೂರನೆಯದರಲ್ಲಿ ಕೋಲಾರದ ರೈತರಿಗೆ ಈ ಕೆಲಸ ಎಷ್ಟು ಮುಖ್ಯ ಎಂಬ ಮಾತು. ಎಲ್ಲವೂ ನಿಜ. ಆದರೆ ಸಂಪಾದಕರು ನಿಮ್ಮ ಶ್ರಮವನ್ನು ಅನುಮಾನಿಸಿಲ್ಲ. ಕೆಲಸ ಕಳಪೆ ಎಂದೂ ಹೇಳಿಲ್ಲ. ಅವರು ಎತ್ತಿದ ಮುಖ್ಯ ಮಾತು ಒಂದೇ: ಕೋಲಾರವನ್ನೇ ನೋಡದ ನಮ್ಮ ಓದುಗ ಇದನ್ನು ಯಾಕೆ ಓದಬೇಕು? ಇದಕ್ಕೆ ಮೂರು ಪುಟಗಳಲ್ಲಿ ಒಂದು ಸಾಲಿನ ಉತ್ತರವೂ ಇಲ್ಲ. ಮೂರನೆಯ ಪುಟವಂತೂ ಅವರ ಮಾತನ್ನೇ ಗಟ್ಟಿ ಮಾಡುತ್ತದೆ. “ಕೋಲಾರಕ್ಕೆ ಮುಖ್ಯ” ಎಂದು ನೀವೇ ಬರೆದರೆ ಸ್ಥಳೀಯ ವಿಷಯ ಎಂದು ಒಪ್ಪಿಕೊಂಡ ಹಾಗೆ, ಅಲ್ವಾ?

ನಾಲ್ಕು ದಿನದ ವಿಷಯ ಹೇಳಿಬಿಡುತ್ತೇನೆ. ನಾನು ಕೆಲವು ವರ್ಷ ಇಂಥದ್ದೇ ಒಂದು ಜರ್ನಲ್‌ನಲ್ಲಿ ಸಹಸಂಪಾದಕಿಯಾಗಿದ್ದೆ. ಹೊಸ ಪೇಪರ್ ಬಂದರೆ ಮೊದಲು ಕವರ್ ಲೆಟರ್ ನೋಡುತ್ತಿದ್ದೆ. ಆಮೇಲೆ ಶೀರ್ಷಿಕೆ, ಸಾರಾಂಶ, ಪೀಠಿಕೆಯ ಕೊನೆಯ ಪ್ಯಾರಾ, ಚಿತ್ರಗಳು, ಕೊನೆಗೆ ಉಪಸಂಹಾರ. ನಮ್ಮ ಜರ್ನಲ್‌ಗೆ ಹೊಂದುತ್ತದೆಯೇ ಎಂದು ನಿರ್ಧರಿಸಲು ಅಷ್ಟು ಸಾಕು. ಇಡೀ ಪೇಪರ್ ಓದುವುದು ರಿವ್ಯೂ ಮಾಡುವವರ ಕೆಲಸ. ಬೇಗ ವಾಪಸ್ ಕಳಿಸಿದರೆ ಬರೆದವರಿಗೆ ಮೂರು ತಿಂಗಳು ಉಳಿಯುತ್ತದೆ ಎಂದೇ ಬೇಗ ಕಳಿಸುತ್ತಿದ್ದೆವು. ಹಾಗಾಗಿ ವೇಗದ ಬಗ್ಗೆ ದೂರಬೇಡಿ. ಅವರು ಓದಿದ ಆ ನಾಲ್ಕೈದು ಜಾಗಗಳಲ್ಲಿ ನೀವು ಏನು ಬರೆದಿದ್ದಿರಿ ಎಂದು ನೋಡಿಕೊಳ್ಳಿ.

ನಾನು ನೋಡಿದೆ. ಶೀರ್ಷಿಕೆಯಲ್ಲೇ ತಾಲ್ಲೂಕಿನ ಹೆಸರು, ಜಿಲ್ಲೆಯ ಹೆಸರು, ರಾಜ್ಯದ ಹೆಸರು. ಸಾರಾಂಶದ ಮೊದಲ ನಾಲ್ಕು ವಾಕ್ಯ ಕೋಲಾರದ ಬರ, ಕೆರೆಗಳ ಸಂಖ್ಯೆ, ಬೋರ್‌ವೆಲ್‌ಗಳ ಆಳ. ನಿಮ್ಮ ಪೇಪರಿನ ನಿಜವಾದ ವಿಷಯ ನಾಲ್ಕನೆಯ ಪುಟದಲ್ಲಿ, ‘ಅಧ್ಯಯನ ಪ್ರದೇಶ’ ಎಂಬ ತಲೆಬರಹದ ಕೆಳಗೆ ಅಡಗಿ ಕೂತಿದೆ. ಒಂದು ಕೆರೆಗೆ ಕೆ.ಸಿ. ವ್ಯಾಲಿ ಯೋಜನೆಯ ನೀರು ವರ್ಷವಿಡೀ ಬರುತ್ತದೆ. ಇನ್ನೊಂದು ಕೆರೆ ಮಳೆಯನ್ನೇ ನಂಬಿದೆ. ಎರಡರ ಅಡಿಯಲ್ಲೂ ಇರುವುದು ಒಂದೇ ಬಗೆಯ, ನೈಸ್ ಎಂಬ ಹೆಸರಿನ ಗಟ್ಟಿ ಕಲ್ಲು.

ಇದು ಎಂಥಾ ಹೋಲಿಕೆ ಎಂದು ನಿಮಗೇ ಹೊಳೆದಿಲ್ಲ ಅನಿಸುತ್ತದೆ. 2018ರಿಂದ ಈ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ ಎಂಬುದು ನಮಗೆಲ್ಲ ದಿನದ ಸುದ್ದಿ. ಹೊರಗಿನ ಸಂಪಾದಕರಿಗೆ ಅದು ಸುದ್ದಿ ಅಲ್ಲ, ಒಂದು ದೊಡ್ಡ ಪ್ರಯೋಗ. ಒಂದೇ ಕಲ್ಲು, ಒಂದೇ ಮಳೆ, ಆದರೆ ಒಂದು ಕೆರೆ ಸದಾ ತುಂಬಿದ್ದು, ಇನ್ನೊಂದು ಬೇಸಿಗೆಯಲ್ಲಿ ಒಣಗುವುದು. ಇಂಥ ಜೋಡಿ ಬೇಕೆಂದರೂ ಸಿಗುವುದಿಲ್ಲ. ಗಟ್ಟಿ ಕಲ್ಲಿನ ಮೇಲೆ ನೀರು ನಿಲ್ಲಿಸಿದರೆ ಎಷ್ಟು ಇಂಗುತ್ತದೆ, ಎಷ್ಟು ದೂರ ಹೋಗುತ್ತದೆ ಎಂಬ ಪ್ರಶ್ನೆ ಜಿಂಬಾಬ್ವೆಯಲ್ಲೂ ಇದೆ, ಬುರ್ಕಿನಾ ಫಾಸೊದಲ್ಲೂ ಇದೆ, ಶ್ರೀಲಂಕಾದಲ್ಲೂ ಇದೆ. ನಮ್ಮ ದೇಶದಲ್ಲೇ ಸುಮಾರು ಮೂರರಲ್ಲಿ ಎರಡು ಪಾಲು ನೆಲ ಗಟ್ಟಿ ಕಲ್ಲಿನದು. ಅಲ್ಲೆಲ್ಲ ಸವೆದು ಮೆತ್ತಗಾದ ಮೇಲಿನ ಪದರ ಒಂದು ಥರ, ಅದರ ಕೆಳಗೆ ಬಿರುಕು ಬಿಟ್ಟ ಕಲ್ಲು ಇನ್ನೊಂದು ಥರ ನೀರು ಹಿಡಿಯುತ್ತದೆ. ತುಂಬಿದ ಕೆರೆಯ ಹತ್ತಿರದ ತೆರೆದ ಬಾವಿಗಳಲ್ಲಿ ಬೇಸಿಗೆಯಲ್ಲೂ ನೀರು ನಿಂತಿದೆ, ಆದರೆ ಆಳದ ಬೋರ್‌ವೆಲ್‌ಗಳು ಅಷ್ಟಾಗಿ ಚೇತರಿಸಿಕೊಂಡಿಲ್ಲ ಎಂದು ನಿಮ್ಮ ಏಳನೆಯ ಚಿತ್ರ ತೋರಿಸುತ್ತದೆ. ಅವರ ಪ್ರಶ್ನೆಗೆ ಉತ್ತರ ಆ ಚಿತ್ರ. ನಿಮ್ಮ ಪತ್ರದಲ್ಲಿ ಅದರ ಪ್ರಸ್ತಾಪವೇ ಇಲ್ಲ.

‘ವಿಧಾನ ಹೊಸದಲ್ಲ’ ಎಂಬುದಕ್ಕೂ ನೀವು ನಡುನಡುವೆ ವಾದ ಮಾಡಿದ್ದೀರಿ. ಆ ವಾದ ಬಿಡಿ. ಬಾವಿಯ ಮಟ್ಟ ಎಷ್ಟು ಏರಿತು ಎಂದು ನೋಡಿ ಇಂಗಿದ ನೀರನ್ನು ಲೆಕ್ಕ ಹಾಕುವುದು ನಿಜಕ್ಕೂ ಹಳೆಯ ವಿಧಾನ. ಒಪ್ಪಿಕೊಳ್ಳಿ. ಒಪ್ಪಿಕೊಂಡರೆ ನಿಮ್ಮ ಮುಂದಿನ ಮಾತಿಗೆ ತೂಕ ಬರುತ್ತದೆ. ಆ ಮುಂದಿನ ಮಾತು ನಿಮ್ಮ ಹನ್ನೊಂದನೆಯ ಪುಟದಲ್ಲಿದೆ.

ಏರಿದ ಮಟ್ಟವನ್ನು ಸ್ಪೆಸಿಫಿಕ್ ಯೀಲ್ಡ್‌ನಿಂದ ಗುಣಿಸಿದರೆ ಇಂಗಿದ ನೀರು ಸಿಗುತ್ತದೆ. ಕಲ್ಲಿನ ಪದರ ನಿಜಕ್ಕೂ ಬಿಟ್ಟುಕೊಡುವ ನೀರಿನ ಪಾಲೇ ಸ್ಪೆಸಿಫಿಕ್ ಯೀಲ್ಡ್. ನಮ್ಮಲ್ಲಿ ಬಹಳ ಜನ ಅದನ್ನು ಅಳೆಯುವುದಿಲ್ಲ. 1997ರ ಅಂತರ್ಜಲ ಅಂದಾಜು ಸಮಿತಿಯ ಪಟ್ಟಿಯಿಂದ ತೆಗೆದುಕೊಳ್ಳುತ್ತಾರೆ. ಸವೆದ ಗ್ರಾನೈಟ್, ನೈಸ್ ಕಲ್ಲಿನಲ್ಲಿ ಜೇಡಿ ಕಡಿಮೆ ಇದ್ದರೆ ಶೇ 3, ಜಾಸ್ತಿ ಇದ್ದರೆ ಶೇ 1.5. ನಿಮ್ಮ ಮಳೆ ಕೆರೆಯ ಬಾವಿಗಳು ಸರಾಸರಿ 2.4 ಮೀಟರ್ ಏರಿವೆ. ಶೇ 3 ಹಿಡಿದರೆ 72 ಮಿಲಿಮೀಟರ್ ನೀರು ಇಂಗಿದ ಹಾಗೆ. ಶೇ 1.5 ಹಿಡಿದರೆ 36. ಒಂದೇ ಬಾವಿ, ಒಂದೇ ಅಳತೆ, ಉತ್ತರ ಮಾತ್ರ ದುಪ್ಪಟ್ಟು! ನೀವು ತೆರೆದ ಬಾವಿಗಳಲ್ಲಿ ಪಂಪ್ ಮಾಡಿ ಅಲ್ಲೇ ಅಳೆದಿದ್ದೀರಿ. ಶೇ 1.2 ಬಂದಿದೆ. ಅಂದರೆ ಸುಮಾರು 29 ಮಿಲಿಮೀಟರ್. ಪಟ್ಟಿಯ ದೊಡ್ಡ ಅಂಕಿ ನಂಬಿದವರು ಇಲ್ಲಿ ಇಂಗಿದ್ದಕ್ಕಿಂತ ಎರಡೂವರೆ ಪಟ್ಟು ಹೆಚ್ಚು ಲೆಕ್ಕ ಹಾಕುತ್ತಾರೆ. ಹಳೆಯ ವಿಧಾನ ಎಲ್ಲಿ ದಾರಿ ತಪ್ಪಿಸುತ್ತದೆ ಎಂದು ನಿಮ್ಮ ಅಳತೆ ತೋರಿಸುತ್ತದೆ. ಆ ವಿಧಾನ ಬಳಸುವ ಎಲ್ಲರಿಗೂ ಇದು ಬೇಕಾದ ಮಾತು.

ಎರಡು ಕೆರೆ, 28 ಬಾವಿ ಎಂಬ ಮಿತಿಯನ್ನೂ ಪತ್ರದಲ್ಲಿ ಮುಚ್ಚಿಡಬೇಡಿ. ಇಷ್ಟರಿಂದ ಜಗತ್ತಿನ ಎಲ್ಲ ಗಟ್ಟಿ ಕಲ್ಲಿಗೂ ಒಂದೇ ಅಂಕಿ ಎಂದು ಹೇಳಲಾಗುವುದಿಲ್ಲ. ಹಾಗೆ ಹೇಳಿದರೆ ಅವರು ಅಲ್ಲೇ ಹಿಡಿಯುತ್ತಾರೆ.

ಈಗ ಆ ಜರ್ನಲ್‌ನ ಪುಟಕ್ಕೆ ಹೋಗಿ. ‘ಉದ್ದೇಶ ಮತ್ತು ವ್ಯಾಪ್ತಿ’ ಎಂಬ ಭಾಗವನ್ನು ನಿಧಾನವಾಗಿ ಓದಿ. ಕೃತಕವಾಗಿ ನೀರು ಇಂಗಿಸುವುದು, ಗಟ್ಟಿ ಕಲ್ಲಿನ ಅಂತರ್ಜಲ, ಇವುಗಳಲ್ಲಿ ಯಾವುದಾದರೂ ಅಲ್ಲಿ ಹೆಸರಿಸಿದ್ದರೆ ಆ ಪದಗಳನ್ನೇ ಬಳಸಿ. ಕಳೆದ ಮೂರು ವರ್ಷಗಳಲ್ಲಿ ಅವರೇ ಪ್ರಕಟಿಸಿದ, ಒಂದೇ ಜಾಗದ ಅಧ್ಯಯನವಾಗಿದ್ದೂ ಹೊರಗಿನವರಿಗೆ ಉಪಯೋಗವಾದ ಎರಡು ಪೇಪರ್ ಹುಡುಕಿ. ಎರಡು ಸಾಕು. ಹತ್ತು ಪಟ್ಟಿ ಮಾಡಿದರೆ “ಅವರದ್ದು ಹಾಕಿದಿರಿ, ನನ್ನದು ಯಾಕಿಲ್ಲ” ಎಂಬ ಜಗಳದ ದನಿ ಬರುತ್ತದೆ. ಆ ಪೇಪರ್‌ಗಳು ಎತ್ತಿದ ಯಾವ ಪ್ರಶ್ನೆಯನ್ನು ನಿಮ್ಮದು ಮುಂದಕ್ಕೆ ಒಯ್ಯುತ್ತದೆ ಎಂದು ಒಂದೊಂದು ಸಾಲು ಬರೆಯಿರಿ. ಅಂಥದ್ದು ಒಂದೂ ಸಿಗದಿದ್ದರೆ ಸಂಪಾದಕರು ಹೇಳಿದ್ದೇ ಸರಿ. ಆಗ ಮರುಪರಿಶೀಲನೆ ಕೇಳಬೇಡಿ, ಬೇರೆ ಜರ್ನಲ್ ಹುಡುಕಿ.

ನಾನಾಗಿದ್ದರೆ ಪತ್ರವನ್ನು ಹೀಗೆ ಬರೆಯುತ್ತಿದ್ದೆ. ಇಂಗ್ಲಿಷಿನಲ್ಲಿ ಬರೆಯುವಾಗಲೂ ಇದೇ ಕ್ರಮ ಇರಲಿ:

“ಮಾನ್ಯ ಸಂಪಾದಕರೇ, ನಮ್ಮ ಪೇಪರನ್ನು ಬೇಗ ನೋಡಿ ಕಾರಣ ತಿಳಿಸಿದ್ದಕ್ಕೆ ಧನ್ಯವಾದ. ಹೊಂದಿಕೆಯ ಬಗ್ಗೆ ನೀವು ಎತ್ತಿದ ಎರಡು ಮಾತುಗಳಿಗೆ ಉತ್ತರಿಸಿ, ಪೇಪರನ್ನು ರಿವ್ಯೂಗೆ ಕಳಿಸುವ ಬಗ್ಗೆ ಮತ್ತೊಮ್ಮೆ ಯೋಚಿಸಬೇಕೆಂದು ಕೇಳಿಕೊಳ್ಳುತ್ತೇವೆ. ಒಂದನೆಯದು, ಪ್ರದೇಶದ ಮಿತಿ. ನಮ್ಮ ಸಾರಾಂಶ ಜಾಗದ ವಿವರದಿಂದ ಶುರುವಾಗಿ ಮುಖ್ಯ ಹೋಲಿಕೆಯನ್ನು ಹೇಳದೇ ಬಿಟ್ಟಿತ್ತು. ಒಂದೇ ಬಗೆಯ ಕಲ್ಲಿನ ಮೇಲಿರುವ, ವರ್ಷವಿಡೀ ಸಂಸ್ಕರಿಸಿದ ನೀರು ತುಂಬಿರುವ ಕೆರೆ ಮತ್ತು ಮಳೆಯನ್ನೇ ನಂಬಿದ ಕೆರೆ, ಇವೆರಡರ ಸುತ್ತ ಎರಡು ವರ್ಷ ಅಳೆದಿದ್ದೇವೆ. ಮೇಲಿನ ಪದರ ಮತ್ತು ಆಳದ ಬಿರುಕುಗಳು ಬೇರೆ ಬೇರೆಯಾಗಿ ಸ್ಪಂದಿಸುವುದನ್ನು ಚಿತ್ರ 7 ತೋರಿಸುತ್ತದೆ. ಎರಡನೆಯದು, ವಿಧಾನ. ವಿಧಾನ ಹೊಸದಲ್ಲ ಎಂಬುದನ್ನು ಒಪ್ಪುತ್ತೇವೆ. ಸ್ಥಳದಲ್ಲೇ ಅಳೆದ ಸ್ಪೆಸಿಫಿಕ್ ಯೀಲ್ಡ್ ಬಳಸಿದರೆ ಇಂಗಿದ ನೀರಿನ ಅಂದಾಜು ಎಷ್ಟು ಬದಲಾಗುತ್ತದೆ ಎಂಬುದು ನಮ್ಮ ಕೊಡುಗೆ. ಎರಡು ಕೆರೆಗಳ ಮಿತಿಯನ್ನು ಪೇಪರಿನಲ್ಲಿ ಸ್ಪಷ್ಟವಾಗಿ ಹೇಳಿದ್ದೇವೆ. ಬದಲಿಸಿದ ಶೀರ್ಷಿಕೆ, ಸಾರಾಂಶ ಲಗತ್ತಿಸಿದ್ದೇವೆ. ನಿಮ್ಮ ತೀರ್ಮಾನ ಬದಲಾಗದಿದ್ದರೂ ಗೌರವದಿಂದ ಒಪ್ಪುತ್ತೇವೆ.”

ಅವರ ವ್ಯಾಪ್ತಿಯ ಪದಗಳು, ಆ ಎರಡು ಪೇಪರ್‌ಗಳ ಮಾತು ‘ಒಂದನೆಯದು’ ಎಂಬುದರ ಕೊನೆಗೆ ಬರಲಿ. ಎಲ್ಲ ಸೇರಿ ಒಂದು ಪುಟ ದಾಟಬಾರದು. ವಿಷಯದ ಸಾಲಿನಲ್ಲಿ ಪೇಪರಿನ ಸಂಖ್ಯೆ ಇರಲಿ. “ಸಾರಾಂಶ ಹೇಳದೇ ಬಿಟ್ಟಿತ್ತು” ಎಂಬ ವಾಕ್ಯವನ್ನು ದಯವಿಟ್ಟು ತೆಗೆಯಬೇಡಿ. ಸಂಪಾದಕರು ತಪ್ಪು ಮಾಡಿದರು ಎನ್ನದೆ, ಅವರ ಮುಂದೆ ಆಗ ಇಲ್ಲದಿದ್ದ ಸಂಗತಿಯನ್ನು ಈಗ ಇಡುತ್ತಿದ್ದೀರಿ. ತೀರ್ಮಾನ ಬದಲಿಸಲು ಅವರಿಗೆ ಒಂದು ಕಾರಣ ಬೇಕು. ಇದು ಆ ಕಾರಣ.

ನಾನು ಆ ಕುರ್ಚಿಯಲ್ಲಿದ್ದಾಗ ಇಂಥ ಪತ್ರಗಳಿಗೆ ಹೆಚ್ಚಿನ ಸಲ ಇಲ್ಲ ಎಂದೇ ಬರೆದಿದ್ದೇನೆ. ಒಪ್ಪಿಕೊಂಡ ಕೆಲವೇ ಸಲ ಪತ್ರ ಚಿಕ್ಕದಾಗಿತ್ತು, ಜೊತೆಗೆ ಹೊಸ ಸಾರಾಂಶ ಇತ್ತು. ಒಬ್ಬ ಹುಡುಗಿಯ ಪತ್ರ ಇನ್ನೂ ನೆನಪಿದೆ. ಅವಳ ಮೂರನೆಯ ಚಿತ್ರವನ್ನು ನಾನು ಸರಿಯಾಗಿ ನೋಡಿರಲಿಲ್ಲ. ಅದನ್ನು ಒಂದೇ ಸಾಲಿನಲ್ಲಿ, ಒಂದು ಚೂರೂ ಕಹಿ ಇಲ್ಲದೆ ತಿಳಿಸಿದ್ದಳು. ಅವತ್ತೇ ರಿವ್ಯೂಗೆ ಕಳಿಸಿದೆ.

ಪತ್ರ ಕಳಿಸಿದ ಮೇಲೆ ಉತ್ತರ ಬರುವ ತನಕ ಪೇಪರನ್ನು ಬೇರೆಲ್ಲೂ ಕೊಡುವಂತಿಲ್ಲ. ಒಂದೇ ಕಾಲಕ್ಕೆ ಎರಡು ಜರ್ನಲ್‌ಗಳಲ್ಲಿ ಇದ್ದರೆ ಅದು ನೈತಿಕ ತಪ್ಪು, ಎರಡೂ ಕಡೆ ಬಾಗಿಲು ಮುಚ್ಚುತ್ತದೆ. ಸಾಮಾನ್ಯವಾಗಿ ಒಂದು ಪೇಪರಿಗೆ ಒಂದೇ ಮನವಿ. ಆ ಜರ್ನಲ್‌ನ ಮನವಿ ನಿಯಮ ಎಲ್ಲಿದೆ ನೋಡಿ, ಯಾರಿಗೆ ಬರೆಯಬೇಕು ಎಂದು ಹೇಳಿದ್ದರೆ ಅವರಿಗೇ ಬರೆಯಿರಿ. ಉತ್ತರ ತಡವಾಗಬಹುದು, ಹೊಸ ಪೇಪರ್‌ಗಳ ನಡುವೆ ಮನವಿಗಳು ಹಿಂದೆ ಬೀಳುತ್ತವೆ. ನಾಲ್ಕು ವಾರ ಕಾಯಿರಿ, ಆಮೇಲೆ ಎರಡು ಸಾಲಿನಲ್ಲಿ ಒಮ್ಮೆ ವಿಚಾರಿಸಿ. ಅಷ್ಟು ದಿನ ಕಾಯಲು ನಿಮ್ಮ ಪಿಎಚ್‌ಡಿ ಗಡುವು ಬಿಡದಿದ್ದರೆ ಮನವಿಯೇ ಬೇಡ, ಹೊಸ ಸಾರಾಂಶದೊಂದಿಗೆ ನೇರ ಇನ್ನೊಂದು ಜರ್ನಲ್‌ಗೆ ಹೋಗಿ.

ನಿಮ್ಮ ಪೇಪರಿನಲ್ಲಿ ಒಂದು ಸಂಗತಿ ಇನ್ನೂ ಇಲ್ಲ. ಮೊದಲ ಕೆರೆಗೆ ಕೆ.ಸಿ. ವ್ಯಾಲಿ ನೀರು ಯಾವ ತಿಂಗಳಿಂದ ಬರತೊಡಗಿತು, ನಡುವೆ ಎಷ್ಟು ದಿನ ನಿಂತಿತ್ತು ಎಂದು ಎಲ್ಲೂ ಹೇಳಿಲ್ಲ. ನಿಮ್ಮ ಇಡೀ ಹೋಲಿಕೆ ಅದರ ಮೇಲೆ ನಿಂತಿದೆ. ಸಂಪಾದಕರು ಕೇಳುವ ಮೊದಲ ಪ್ರಶ್ನೆಯೂ ಅದೇ. ಸಣ್ಣ ನೀರಾವರಿ ಇಲಾಖೆಯ ಕಚೇರಿಯಲ್ಲಿ ದಾಖಲೆ ಕೇಳಿ ಪಡೆಯಿರಿ. ಅದು ಸೇರಿದ ಮೇಲೆ ಪತ್ರ ಕಳಿಸಿ.