ಹಣೆ ಮತ್ತು ಕಣತಲೆಯ ಲೈನ್ ಮನೆಯಲ್ಲೇ ತಿದ್ದುವುದು ಹೇಗೆ?

ಪ್ರಶ್ನೆ: ಕಟಿಂಗ್ ಮಾಡಿಸಿದಾಗ ಹಣೆ ಮತ್ತು ಪಕ್ಕದ ಲೈನ್ ಶಾರ್ಪ್ ಆಗಿರುತ್ತೆ, ಒಂದು ವಾರಕ್ಕೆಲ್ಲ ಮಸುಕಾಗುತ್ತೆ. ಮನೆಯಲ್ಲೇ ಟ್ರಿಮ್ಮರ್‌ನಿಂದ ಮಾಡ್ಕೋಬಹುದಾ? ಎಷ್ಟು ದಿನಕ್ಕೊಮ್ಮೆ?

ಮಾಡಿಕೊಳ್ಳಬಹುದು. ಆದರೆ ಕಣತಲೆ ಮತ್ತು ಸೈಡ್‌ಲಾಕ್ ಅನ್ನು ಎಂಟು ಹತ್ತು ದಿನಕ್ಕೊಮ್ಮೆ ತಿದ್ದಿಕೊಳ್ಳಿ, ಹಣೆಯ ಲೈನನ್ನು ಆದಷ್ಟು ಮುಟ್ಟಬೇಡಿ. ನಾಲ್ಕು ವರ್ಷದಿಂದ ನಾನು ಹೀಗೇ ಮಾಡುತ್ತಿದ್ದೇನೆ. ಅದಕ್ಕೂ ಮೊದಲು ಒಮ್ಮೆ ಚೆನ್ನಾಗಿ ಕೆಡಿಸಿಕೊಂಡಿದ್ದೆ.

ಅಣ್ಣನ ಮದುವೆಗೆ ಮೂರು ದಿನ ಇತ್ತು. ಹಣೆಯ ಎಡಗಡೆ ಸ್ವಲ್ಪ ತೆಗೆದೆ. ಬಲಗಡೆ ಕೆಳಗಿದ್ದಂತೆ ಕಂಡಿತು, ಅಲ್ಲೂ ತೆಗೆದೆ. ಈಗ ಎಡಗಡೆ ಕೆಳಗಿದೆ ಅನ್ನಿಸಿತು. ಹೀಗೆ ಸರಿ ಮಾಡುತ್ತಾ ಹೋಗಿ ಲೈನ್ ಸುಮಾರು ಅರ್ಧ ಸೆಂಟಿಮೀಟರ್ ಹಿಂದೆ ಸರಿಯಿತು. ಅವತ್ತು ಚೆನ್ನಾಗಿಯೇ ಕಂಡಿತು. ಮದುವೆಯ ದಿನದ ಹೊತ್ತಿಗೆ ತೆಗೆದ ಜಾಗದಲ್ಲಿ ಮೊಳಕೆಯಂತೆ ಕೂದಲು ಬಂದು, ಹಣೆಯ ಮೇಲೆ ಕಪ್ಪು ಪಟ್ಟಿ ಎಳೆದಂತಾಗಿತ್ತು. ತಲೆಗೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಹಾಗಾಗಿ ಆ ಪಟ್ಟಿ ಮೇಲಿನ ಕೂದಲಲ್ಲಿ ಬೆರೆತು ಹೋಗಲು ಒಂದು ತಿಂಗಳಿಗಿಂತ ಜಾಸ್ತಿ ಹಿಡಿಯಿತು. ಅಷ್ಟು ದಿನ ಟ್ರಿಮ್ಮರ್ ಮುಟ್ಟದೆ, ಮುಂದಿನ ಕೂದಲನ್ನು ಹಣೆ ಮೇಲೆ ಇಳಿಬಿಟ್ಟುಕೊಂಡು ಓಡಾಡಿದೆ.

ಇನ್ನೊಂದು ವಿಷಯವಿದೆ. ಹಣೆಯ ಅಂಚನ್ನು ಸ್ಕೇಲ್ ಇಟ್ಟಂತೆ ನೇರ ಮಾಡುವ ಶೈಲಿ ಹೆಸರಾದದ್ದು ಅಮೆರಿಕದ ಕಪ್ಪು ಜನರ ಬಾರ್ಬರ್ ಅಂಗಡಿಗಳಲ್ಲಿ. ಅವರ ಬಿಗಿ ಗುಂಗುರು ಕೂದಲು ಹಣೆಗೆ ಬೀಳದೆ ನಿಂತಿರುತ್ತದೆ, ಹಾಗಾಗಿ ಅಂಚು ಎದ್ದು ಕಾಣುತ್ತದೆ. ನೇರ ಕೂದಲು ಮುಂದಕ್ಕೆ ಬಾಗಿ ಆ ಅಂಚನ್ನೇ ಮುಚ್ಚುತ್ತದೆ. ನಮ್ಮಲ್ಲಿ ಹೆಚ್ಚಿನವರ ಮುಖಕ್ಕೆ ಅಚ್ಚುಕಟ್ಟು ಬರುವುದು ಪಕ್ಕದ ಲೈನ್‌ನಿಂದ.

ಈಗ ಮಾಡುವ ಕ್ರಮ. ತಲೆಗೆ ಎಣ್ಣೆ ಇರಬಾರದು, ಕೂದಲು ಪೂರ್ತಿ ಒಣಗಿರಬೇಕು. ಒದ್ದೆ ಕೂದಲು ಉದ್ದ ಕಾಣುತ್ತದೆ, ಒಣಗಿದ ಮೇಲೆ ಲೈನ್ ಬೇರೆಯೇ ಆಗಿರುತ್ತದೆ. ಬೆಳಕು ಎದುರಿನಿಂದ ಬರಲಿ. ಕೂದಲನ್ನು ಅದು ಬೆಳೆಯುವ ದಿಕ್ಕಿಗೇ ಬಾಚಿ. ಹುಬ್ಬು ಎತ್ತಬೇಡಿ, ಎತ್ತಿದರೆ ಹಣೆಯ ಚರ್ಮ ಸರಿದು ಲೈನ್ ಸೊಟ್ಟಗಾಗುತ್ತದೆ. ಕಟಿಂಗ್ ಮಾಡಿದವರು ಬಿಟ್ಟ ಗೆರೆ ಇನ್ನೂ ಮಸುಕಾಗಿ ಕಾಣುತ್ತಿರುತ್ತದೆ ಅಲ್ವಾ, ಅದೇ ನಿಮ್ಮ ಗಡಿ. ಗೊತ್ತಾಗದಿದ್ದರೆ ಬಿಳಿ ಐ ಪೆನ್ಸಿಲ್‌ನಿಂದ ಗುರುತು ಮಾಡಿಕೊಳ್ಳಿ.

ಗಾರ್ಡ್ ತೆಗೆದು, ಟ್ರಿಮ್ಮರನ್ನು ತಿರುಗಿಸಿ ಹಿಡಿಯಿರಿ, ಬ್ಲೇಡಿನ ಹಲ್ಲು ಚರ್ಮಕ್ಕೆ ಎದುರಾಗಿರಲಿ. ಗೆರೆಯ ಮೇಲೆ ಮೆಲ್ಲಗೆ ತಾಗಿಸಿ ಎತ್ತಿ, ಮತ್ತೆ ಪಕ್ಕದಲ್ಲಿ ತಾಗಿಸಿ ಎತ್ತಿ. ಎಳೆಯಬೇಡಿ, ಒತ್ತಬೇಡಿ. ಒತ್ತಿದರೆ ಗೀರು ಬೀಳುತ್ತದೆ. ಕಣತಲೆಯಲ್ಲಿ ಹಣೆಯ ಮೂಲೆಯಿಂದ ಕೆಳಕ್ಕೆ ಬನ್ನಿ, ಅಲ್ಲಿ ಕೂದಲು ಮುಂದಕ್ಕೆ ಚೂಪಾಗಿ ಬರುವ ತುದಿಯನ್ನು ಹಾಗೇ ಬಿಡಿ. ಅದನ್ನು ಒಮ್ಮೆ ತೆಗೆದರೆ ಹಣೆ ಅಗಲವಾಗಿ ಕಾಣುತ್ತದೆ. ಗೆರೆಯ ಹೊರಗಿನ ಬಿಡಿ ಕೂದಲನ್ನಷ್ಟೇ ಆಮೇಲೆ ತೆಗೆಯಿರಿ. ಎರಡೂ ಕಡೆ ಸಮ ಇದೆಯೇ ಎಂದು ನೋಡಲು ಫೋನನ್ನು ಕಣ್ಣಿನ ಮಟ್ಟದಲ್ಲಿ ಹಿಡಿದು ಫೋಟೋ ತೆಗೆಯಿರಿ. ಸ್ವಲ್ಪ ವ್ಯತ್ಯಾಸ ಇದ್ದರೆ ಬಿಟ್ಟುಬಿಡಿ. ಯಾರ ಕಣತಲೆಯೂ ಎರಡು ಕಡೆ ಒಂದೇ ತರ ಇರುವುದಿಲ್ಲ.

ಎಂಟು ದಿನ ಅಂತ ಯಾಕೆ ಹೇಳಿದೆ ಅಂದರೆ, ಅಷ್ಟರಲ್ಲಿ ಎರಡೂವರೆ ಮಿಲಿಮೀಟರ್ ಕೂದಲು ಬಂದಿರುತ್ತದೆ. ಹೊಸದು ಯಾವುದು, ಹಳೆಯ ಗೆರೆ ಎಲ್ಲಿ ಎಂದು ಕಣ್ಣಿಗೆ ಸ್ಪಷ್ಟವಾಗಿ ಬೇರೆ ಬೇರೆ ಕಾಣುತ್ತದೆ. ಎರಡು ಮೂರು ದಿನಕ್ಕೊಮ್ಮೆ ತಿದ್ದಲು ಹೋದರೆ ಅಂದಾಜಿನ ಮೇಲೆ ಕೈ ಆಡಿಸಬೇಕಾಗುತ್ತದೆ, ಪ್ರತಿಸಲ ಒಂದೊಂದು ಸಾಲು ಹಿಂದೆ ಸರಿಯುತ್ತದೆ. ಚರ್ಮಕ್ಕೂ ಬಿಡುವು ಸಿಗುವುದಿಲ್ಲ. ಸಣ್ಣ ಕೆಂಪು ಗುಳ್ಳೆ ಬಂದಿದ್ದರೆ ಅವು ವಾಸಿಯಾಗುವವರೆಗೂ ನಿಲ್ಲಿಸಿ. ನಿಮ್ಮದು ಗುಂಗುರು ಕೂದಲಾದರೆ ರೇಜರ್ ಬೇಡವೇ ಬೇಡ, ಬುಡಕ್ಕೆ ಕತ್ತರಿಸಿದ ಕೂದಲು ಬಾಗಿ ಚರ್ಮದೊಳಗೇ ಬೆಳೆಯುತ್ತದೆ. ಮೂರು ನಾಲ್ಕು ವಾರಕ್ಕೊಮ್ಮೆ ಹೇಗೂ ಕಟಿಂಗ್‌ಗೆ ಹೋಗುತ್ತೀರಿ, ಹಣೆಯ ಗೆರೆಯನ್ನು ಅವರೇ ಹೊಸದಾಗಿ ಹಾಕಲಿ.

ಹಣೆಯ ಎರಡೂ ಮೂಲೆಯಲ್ಲಿ ಕೂದಲು ತೆಳುವಾಗುತ್ತಿದೆಯಾ? ಹಾಗಿದ್ದರೆ ಅಲ್ಲಿ ಚೌಕ ಮೂಲೆ ತರಲು ಹೋಗಬೇಡಿ. ತೆಳು ಕೂದಲಿನ ಮುಂದೆ ನೇರ ಗೆರೆ ಎಳೆದರೆ ಆ ತೆಳುವೇ ಮೊದಲು ಕಣ್ಣಿಗೆ ಬೀಳುತ್ತದೆ. ಬೋಳಿಸಿದರೆ ದಪ್ಪ ಬರುತ್ತದೆ ಅನ್ನುವ ಮಾತನ್ನೂ ನಂಬಬೇಡಿ. ಕೂದಲಿನ ಬೇರು ಚರ್ಮದ ಒಳಗಿದೆ, ಬ್ಲೇಡ್ ಅಲ್ಲಿಗೆ ತಲುಪುವುದೇ ಇಲ್ಲ.